ಮೇದೋಜ್ಜೀರಕದಲ್ಲಿ ನೀರುಗುಳ್ಳೆ: ಯಾರು ಹೆದರಬೇಕು, ಯಾರು ಕಾಯಬೇಕು?
(ಸಂಘದ ತಿಂಗಳ ಸಭೆಗೆ ಆರೋಗ್ಯ ಪಾಠ)



ನಮ್ಮ ಸಂಘವೊಂದರ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು ಸಾಲದ ಅರ್ಜಿ ನೋಡುತ್ತಿದ್ದಾಗ ಐವತ್ತಾರು ವರ್ಷದ ಒಬ್ಬ ಸದಸ್ಯೆ ಎದ್ದು ನಿಂತರು. "ನನಗೆ ಎಂಬತ್ತು ಸಾವಿರ ತುರ್ತು ಸಾಲ ಬೇಕು" ಎಂದರು. ಕಾರಣ ಕೇಳಿದಾಗ ಚೀಲದಿಂದ ಒಂದು ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟು ಅಳತೊಡಗಿದರು. "ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಪಿತ್ತಕೋಶದಲ್ಲಿ ಕಲ್ಲು ಉಂಟಂತೆ. ಅದಲ್ಲದೆ ಪ್ಯಾಂಕ್ರಿಯಾಸ್‌ನಲ್ಲಿ ಒಂದು ಸಿಸ್ಟ್ ಉಂಟಂತೆ. ಪಕ್ಕದ ಮನೆಯವರು, ಅದು ಕ್ಯಾನ್ಸರೇ, ಬೇಗ ಕೊಯ್ಸಿ ತೆಗೆಸು ಅಂತಾರೆ" ಎಂದರು.

ಆ ದಿನ ಸಾಲ ಕೊಡಲಿಲ್ಲ. ಕೊಡಬಾರದೆಂದಲ್ಲ, ಯಾವುದಕ್ಕೆ ಎಷ್ಟು ಬೇಕು ಎಂದು ಮೊದಲು ತಿಳಿದುಕೊಳ್ಳೋಣ ಎಂದು ಒಂದು ವಾರ ಮುಂದೂಡಿದೆವು. ಆ ವಾರದಲ್ಲಿ ಏನಾಯಿತು, ಆಮೇಲಿನ ಎರಡು ಮೂರು ವರ್ಷಗಳಲ್ಲಿ ಏನಾಯಿತು ಎಂಬುದೇ ಈ ತಿಂಗಳ ಪಾಠ. ಅವರ ಹೆಸರು ಇಲ್ಲಿ ಹಾಕಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ. ಪಾಠದಲ್ಲಿ ಅವರನ್ನು 'ಅಕ್ಕ' ಎಂದೇ ಕರೆಯೋಣ.

ಈ ಅಂಗ ಎಲ್ಲಿದೆ?

ಡಾಕ್ಟರರು ಪ್ಯಾಂಕ್ರಿಯಾಸ್ ಎನ್ನುವುದನ್ನು ಕನ್ನಡದಲ್ಲಿ ಮೇದೋಜ್ಜೀರಕ ಗ್ರಂಥಿ ಎನ್ನುತ್ತಾರೆ. ಇದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡವಾಗಿ ಮಲಗಿದೆ. ಉದ್ದ ಸುಮಾರು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಬಲಗಡೆಯ ದಪ್ಪ ತುದಿಗೆ ತಲೆ ಎಂದೂ, ನಡುವಿನ ಭಾಗಕ್ಕೆ ಮೈ ಎಂದೂ, ಎಡಗಡೆಯ ಸಣ್ಣ ತುದಿಗೆ ಬಾಲ ಎಂದೂ ಹೇಳುತ್ತಾರೆ.

ಇದಕ್ಕೆ ಎರಡು ಕೆಲಸ. ಒಂದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವುದು. ಎರಡು, ತಿಂದ ಅನ್ನ, ಎಣ್ಣೆ, ಮೀನು, ಮಾಂಸವನ್ನು ಕರಗಿಸುವ ಜೀರ್ಣರಸ ತಯಾರಿಸುವುದು. ಈ ರಸ ಸಣ್ಣ ಸಣ್ಣ ಕವಲು ನಾಳಗಳಿಂದ ಹರಿದು ನಡುವಿನ ಒಂದು ದೊಡ್ಡ ನಾಳಕ್ಕೆ ಸೇರಿ, ಅಲ್ಲಿಂದ ಸಣ್ಣ ಕರುಳಿಗೆ ಬೀಳುತ್ತದೆ. ತೋಟದ ಸಣ್ಣ ಕಾಲುವೆಗಳ ನೀರು ದೊಡ್ಡ ತೋಡಿಗೆ ಸೇರುವ ಹಾಗೆ ಎಂದು ತಿಳಿಯಿರಿ. ಪಿತ್ತರಸದ ನಾಳವೂ ಗ್ರಂಥಿಯ ತಲೆಯ ಮೂಲಕವೇ ಬಂದು ಕರುಳಿಗೆ ಸೇರುತ್ತದೆ. ಆದ್ದರಿಂದಲೇ ತಲೆಯ ಭಾಗದಲ್ಲಿ ಗಡ್ಡೆ ಬೆಳೆದರೆ ಪಿತ್ತದ ದಾರಿ ಕಟ್ಟಿ ಕಾಮಾಲೆ ಬರುತ್ತದೆ. ಈ ಕಾಲುವೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಸುಲಭವಾಗುತ್ತದೆ.

ಎಲ್ಲ ಗುಳ್ಳೆಯೂ ಒಂದೇ ಅಲ್ಲ

ಸಿಸ್ಟ್ ಎಂದರೆ ಒಳಗೆ ನೀರು ಅಥವಾ ಲೋಳೆ ತುಂಬಿದ ಚೀಲ, ನೀರುಗುಳ್ಳೆ. ವಯಸ್ಸಾದಂತೆ ಇವು ಹೆಚ್ಚು ಜನರಲ್ಲಿ ಕಾಣುತ್ತವೆ. ಹಿಂದೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿದಾಗ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಹೆಚ್ಚಿನವು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ಕೆಲವು ಜಾತಿಯವು ಆಗಬಲ್ಲವು. ಅದಕ್ಕೇ ಮೊದಲ ಪ್ರಶ್ನೆ, "ಗುಳ್ಳೆ ಇದೆಯೇ?" ಎಂಬುದಲ್ಲ, "ಯಾವ ಜಾತಿಯ ಗುಳ್ಳೆ?" ಎಂಬುದು.

ಮೊದಲನೆಯದು ಸುಳ್ಳು ಗುಳ್ಳೆ. ಗ್ರಂಥಿಗೆ ಜೋರಾಗಿ ಉರಿಯೂತ ಬಂದು ಹೋದ ಮೇಲೆ, ಸಾಮಾನ್ಯವಾಗಿ ನಾಲ್ಕು ವಾರ ಕಳೆದು, ಸೋರಿದ ರಸ ಒಂದು ಕಡೆ ನಿಂತು ಚೀಲದಂತಾಗುತ್ತದೆ. ಪಿತ್ತಕಲ್ಲು ಅಥವಾ ಕುಡಿತ ಇದಕ್ಕೆ ಸಾಮಾನ್ಯ ಕಾರಣ. ಇದು ಕ್ಯಾನ್ಸರ್ ಆಗುವುದಿಲ್ಲ. ಆದರೆ ಆಸ್ಪತ್ರೆ ಸೇರುವಷ್ಟು ಹೊಟ್ಟೆನೋವು ಹಿಂದೆ ಬಂದೇ ಇರದವರಲ್ಲಿ ಕಂಡ ಗುಳ್ಳೆಯನ್ನು ಸುಳ್ಳು ಗುಳ್ಳೆ ಎಂದು ತಳ್ಳಿಹಾಕಬಾರದು.

ಎರಡನೆಯದು ತಿಳಿನೀರಿನ ಗುಳ್ಳೆ. ಒಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕೋಣೆಗಳಿರುತ್ತವೆ. ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಇದು ಕ್ಯಾನ್ಸರ್ ಆಗುವುದು ಇಲ್ಲವೆನ್ನುವಷ್ಟು ಅಪರೂಪ. ಇದೇ ಎಂದು ಖಚಿತವಾದರೆ, ತೊಂದರೆ ಕೊಡದಿದ್ದರೆ, ಬಿಟ್ಟುಬಿಡಬಹುದು.

ಮೂರನೆಯದು ಲೋಳೆ ತುಂಬಿದ ಒಂಟಿ ಗುಳ್ಳೆ. ಇದು ಬರುವುದು ಬಹುಮಟ್ಟಿಗೆ ಹೆಂಗಸರಿಗೇ, ಅದೂ ನಡುವಯಸ್ಸಿನಲ್ಲಿ, ಗ್ರಂಥಿಯ ಮೈ ಅಥವಾ ಬಾಲದಲ್ಲಿ. ದೊಡ್ಡ ನಾಳಕ್ಕೆ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ಆಪರೇಷನ್ ತಡೆಯುವ ಆರೋಗ್ಯವಿದ್ದರೆ ತೆಗೆಯುವುದನ್ನೇ ಡಾಕ್ಟರರು ಹೆಚ್ಚಾಗಿ ಹೇಳುತ್ತಾರೆ. ತೆಗೆದ ಮೇಲೆ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣದಿದ್ದರೆ ಅಲ್ಲಿಗೆ ಮುಗಿಯಿತು. ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ, ಇಪ್ಪತ್ತು ಮೂವತ್ತರ ಒಳಗೆ, ಅರ್ಧ ಗಟ್ಟಿ ಅರ್ಧ ನೀರು ಇರುವ ಇನ್ನೊಂದು ಬಗೆಯ ಗಡ್ಡೆ ಅಪರೂಪಕ್ಕೆ ಬರುತ್ತದೆ. ಅದನ್ನೂ ತೆಗೆಯುತ್ತಾರೆ, ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ನಾಲ್ಕನೆಯದೇ ಈಗ ಹೆಚ್ಚು ಕೇಳಿಬರುವುದು. ರಿಪೋರ್ಟಿನಲ್ಲಿ ಇದನ್ನು ಐ.ಪಿ.ಎಂ.ಎನ್. ಎಂದು ಬರೆಯುತ್ತಾರೆ. ನಾಳದ ಒಳಗೋಡೆಯೇ ಲೋಳೆ ಸುರಿಸತೊಡಗಿ ನಾಳ ಉಬ್ಬಿಕೊಳ್ಳುವುದು ಇದರ ಗುಣ. ಸಣ್ಣ ಕವಲು ಕಾಲುವೆ ಮಾತ್ರ ಉಬ್ಬಿದ್ದರೆ ಅಪಾಯ ಕಡಿಮೆ. ನಡುವಿನ ದೊಡ್ಡ ತೋಡೇ ಉಬ್ಬಿದ್ದರೆ ಅಪಾಯ ಬಹಳ ಹೆಚ್ಚು. ಒಂದೇ ಹೆಸರಿನ ಎರಡು ಸ್ಥಿತಿಗಳ ನಡುವೆ ಇಷ್ಟು ಅಂತರವಿರುವುದರಿಂದ "ನನಗೂ ಅದೇ ಉಂಟು, ನನಗೇನೂ ಮಾಡಲಿಲ್ಲ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವುದು ತಪ್ಪಾಗುತ್ತದೆ.

ಅಕ್ಕನ ರಿಪೋರ್ಟ್ ಓದೋಣ

ಮಾಮೂಲು ಹೊಟ್ಟೆ ಸ್ಕ್ಯಾನಿಂಗಿನಲ್ಲಿ ಈ ಗ್ರಂಥಿ ಪೂರ್ತಿ ಕಾಣುವುದಿಲ್ಲ. ಜಠರ ಮತ್ತು ಕರುಳಿನ ಗಾಳಿ ಅಡ್ಡ ಬರುತ್ತದೆ. ಆದ್ದರಿಂದ ಡಾಕ್ಟರರು ಅಕ್ಕನಿಗೆ ನಾಳಗಳನ್ನು ತೋರಿಸುವ ಎಂ.ಆರ್.ಐ. ಮಾಡಿಸಲು ಹೇಳಿದರು. ಇದಕ್ಕೆ ಎಂ.ಆರ್.ಸಿ.ಪಿ. ಎನ್ನುತ್ತಾರೆ. ಇದರಲ್ಲಿ ಎಕ್ಸ್‌ರೇ ಕಿರಣವಿಲ್ಲ, ಹಾಗಾಗಿ ಮತ್ತೆ ಮತ್ತೆ ಮಾಡಿಸಿದರೂ ಕಿರಣದ ಭಯವಿಲ್ಲ. ಸಂಘ ಆ ಪರೀಕ್ಷೆಗೆ ಬೇಕಾದಷ್ಟೇ ಸಾಲ ಕೊಟ್ಟಿತು.

ರಿಪೋರ್ಟ್ ಬಂತು. ಗ್ರಂಥಿಯ ತಲೆಯಲ್ಲಿ ದ್ರಾಕ್ಷಿ ಗೊಂಚಲಿನಂಥ ಗುಳ್ಳೆ, ಅಳತೆ 14 ಮಿಲಿಮೀಟರ್. ಒಂದು ಕವಲು ನಾಳಕ್ಕೆ ಸೇರಿಕೊಂಡಿದೆ. ದೊಡ್ಡ ನಾಳದ ಅಗಲ 3 ಮಿಲಿಮೀಟರ್. ಗುಳ್ಳೆಯ ಒಳಗೆ ಗಟ್ಟಿ ಗಂಟಿಲ್ಲ, ಗೋಡೆ ದಪ್ಪವಾಗಿಲ್ಲ. ಅಂದರೆ ಇದು ಕವಲು ನಾಳದ ಐ.ಪಿ.ಎಂ.ಎನ್. ಎಂದು ಡಾಕ್ಟರರು ತೀರ್ಮಾನಿಸಿದರು.

ಅಕ್ಕ ಕೇಳಿದರು: "ಡಾಕ್ಟ್ರೇ, ಇದನ್ನ ತೆಗೀಲೇಬೇಕಾ?"

"ಈಗ ಬೇಡಮ್ಮ. ಇದರ ಮೇಲೆ ಕಣ್ಣಿಡ್ಬೇಕು ಅಷ್ಟೇ."

"ಕ್ಯಾನ್ಸರ್ ಆಗೋದಾದ್ರೆ ಈಗ್ಲೇ ತೆಗೆದ್ರೆ ಒಳ್ಳೇದಲ್ವಾ?"

ಈ ಪ್ರಶ್ನೆ ನಮ್ಮೆಲ್ಲರದ್ದೂ ಹೌದು. ಡಾಕ್ಟರರು ಕೊಟ್ಟ ಉತ್ತರ ಹೀಗೆ: ಗ್ರಂಥಿಯ ತಲೆ ತೆಗೆಯಬೇಕಾದರೆ ಅದರ ಜೊತೆ ಸಣ್ಣ ಕರುಳಿನ ಮೊದಲ ತುಂಡು, ಪಿತ್ತನಾಳದ ತುದಿ, ಪಿತ್ತಕೋಶ ಎಲ್ಲವನ್ನೂ ತೆಗೆದು, ಉಳಿದದ್ದನ್ನು ಕರುಳಿಗೆ ಮತ್ತೆ ಹೊಲಿಯಬೇಕು. ಹೊಟ್ಟೆಯ ಆಪರೇಷನ್‌ಗಳಲ್ಲಿ ಇದು ಅತ್ಯಂತ ದೊಡ್ಡವುಗಳಲ್ಲಿ ಒಂದು. ಇದನ್ನೇ ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲೂ ನೂರು ಜನರಲ್ಲಿ ಕೆಲವರು ಬದುಕುಳಿಯುವುದಿಲ್ಲ, ಇನ್ನೂ ಹಲವರಿಗೆ ಹೊಲಿಗೆ ಸೋರುವುದು, ಸಕ್ಕರೆ ಕಾಯಿಲೆ ಬರುವುದು, ತಿಂದದ್ದು ಜೀರ್ಣವಾಗದಿರುವುದು ಇತ್ಯಾದಿ ತೊಂದರೆ ಉಳಿಯುತ್ತದೆ. 14 ಮಿಲಿಮೀಟರಿನ, ಅಪಾಯದ ಗುರುತು ಒಂದೂ ಇಲ್ಲದ ಗುಳ್ಳೆಗೆ ಈ ಆಪರೇಷನ್ನಿನ ಅಪಾಯವೇ ಗುಳ್ಳೆಯ ಅಪಾಯಕ್ಕಿಂತ ಹೆಚ್ಚು. ಪಿತ್ತಕೋಶದ ಕಲ್ಲಿನ ವಿಷಯ ಬೇರೆ, ಅದಕ್ಕೆ ಬೇರೆಯೇ ಲೆಕ್ಕ.

ಯಾವ ಗುರುತು ಕಂಡರೆ ಲೆಕ್ಕ ಬದಲಾಗುತ್ತದೆ?

ಈ ಬಗೆಯ ಗುಳ್ಳೆಗೆ ಡಾಕ್ಟರರು ಅನುಸರಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ ಜಪಾನಿನ ಕ್ಯೋಟೋ ನಗರದ ಹೆಸರಿನದು, 2024ರಲ್ಲಿ ಪ್ರಕಟವಾಯಿತು. ಅದು ಗುರುತುಗಳನ್ನು ಎರಡು ಮಟ್ಟದಲ್ಲಿ ಇಟ್ಟಿದೆ.

ಮೇಲಿನ ಮಟ್ಟದವು ದೊಡ್ಡ ಅಪಾಯದ ಗುರುತುಗಳು. ಗುಳ್ಳೆ ತಲೆಯ ಭಾಗದಲ್ಲಿದ್ದು ಕಾಮಾಲೆ ಬಂದಿರುವುದು. ಗುಳ್ಳೆಯ ಒಳಗೆ 5 ಮಿಲಿಮೀಟರ್ ಅಥವಾ ಹೆಚ್ಚಿನ ಗಟ್ಟಿ ಗಂಟು, ಅದೂ ಔಷಧಿ ಕೊಟ್ಟು ಚಿತ್ರ ತೆಗೆದಾಗ ಹೊಳೆಯುವ ಗಂಟು. ದೊಡ್ಡ ನಾಳ 10 ಮಿಲಿಮೀಟರ್ ಅಥವಾ ಹೆಚ್ಚು ಅಗಲವಾಗಿರುವುದು. ಗುಳ್ಳೆಯ ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಅಥವಾ ಅದರ ಸಂಶಯ. ಇವುಗಳಲ್ಲಿ ಒಂದಿದ್ದರೂ, ದೇಹ ತಡೆಯುವುದಾದರೆ, ಆಪರೇಷನ್ ಮಾತು ಬರುತ್ತದೆ.

ಕೆಳಗಿನ ಮಟ್ಟದವು ಎಚ್ಚರದ ಗುರುತುಗಳು. ಗುಳ್ಳೆ 30 ಮಿಲಿಮೀಟರ್ ಮುಟ್ಟಿರುವುದು, ವರ್ಷಕ್ಕೆ 2.5 ಮಿಲಿಮೀಟರ್ ಅಥವಾ ಹೆಚ್ಚು ಬೆಳೆಯುವುದು, ದೊಡ್ಡ ನಾಳ 5ರಿಂದ 9 ಮಿಲಿಮೀಟರ್ ಆಗಿರುವುದು, ಗೋಡೆ ದಪ್ಪವಾಗುವುದು, ಸಣ್ಣ ಗಂಟು ಕಾಣುವುದು, ಗ್ರಂಥಿಗೆ ಉರಿಯೂತ ಬರುವುದು, ಕಳೆದ ಒಂದು ವರ್ಷದೊಳಗೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದಿರುವುದು ಅಥವಾ ಹತೋಟಿಯಲ್ಲಿದ್ದದ್ದು ಇದ್ದಕ್ಕಿದ್ದಂತೆ ಕೆಟ್ಟಿರುವುದು, ಇಂಥವು. ಇವು ಕಂಡರೆ ಕೂಡಲೇ ಕೊಯ್ಯುವುದಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ, ಜಠರದ ಒಳಗಿನಿಂದಲೇ ಹತ್ತಿರದಿಂದ ನೋಡುವ ಸ್ಕ್ಯಾನಿಂಗ್ ಮಾಡುತ್ತಾರೆ. ಇದಕ್ಕೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಎಂದು ಹೆಸರು. ಬೇಕಾದರೆ ಅಲ್ಲಿಂದಲೇ ಸಣ್ಣ ಸೂಜಿಯಲ್ಲಿ ಗುಳ್ಳೆಯ ನೀರು ತೆಗೆದು ಪರೀಕ್ಷಿಸುತ್ತಾರೆ.

ಅಕ್ಕನ ರಿಪೋರ್ಟನ್ನು ಈ ಎರಡು ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. 14 ಎಂಬುದು 30ರ ಅರ್ಧವೂ ಇಲ್ಲ. ನಾಳ 3, ಅಂದರೆ 5ಕ್ಕಿಂತ ಕಡಿಮೆ. ಗಂಟಿಲ್ಲ, ಕಾಮಾಲೆಯಿಲ್ಲ, ಸಕ್ಕರೆ ಸರಿಯಿದೆ. ಒಂದೂ ಗುರುತಿಲ್ಲ. ಆದ್ದರಿಂದ ಕಾಯುವುದು.

ಕಾಯುವುದು ಎಂದರೆ ಸುಮ್ಮನಿರುವುದಲ್ಲ

ಅದೇ ಮಾರ್ಗಸೂಚಿಯ ಪ್ರಕಾರ, ಅಪಾಯದ ಗುರುತಿಲ್ಲದ ಗುಳ್ಳೆ 20 ಮಿಲಿಮೀಟರಿಗಿಂತ ಸಣ್ಣದಿದ್ದರೆ ಆರು ತಿಂಗಳಿಗೆ ಒಮ್ಮೆ ನೋಡಿ, ಬದಲಾವಣೆ ಇಲ್ಲದಿದ್ದರೆ ಆಮೇಲೆ ಹದಿನೆಂಟು ತಿಂಗಳಿಗೊಮ್ಮೆ ನೋಡಿದರೆ ಸಾಕು. 20ರಿಂದ 30ರ ಒಳಗಿದ್ದರೆ ಆರಾರು ತಿಂಗಳಿಗೆ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. 30 ಮತ್ತು ಮೇಲಿನದಾದರೆ ಆರು ತಿಂಗಳಿಗೊಮ್ಮೆ. ಬೇರೆ ಬೇರೆ ದೇಶದ ಸಂಘಗಳ ಮಾರ್ಗಸೂಚಿಯಲ್ಲಿ ಈ ಅಂತರ ಸ್ವಲ್ಪ ಹೆಚ್ಚುಕಡಿಮೆ ಇದೆ. ಆದ್ದರಿಂದ ನಿಮ್ಮ ಡಾಕ್ಟರರು ವರ್ಷಕ್ಕೊಮ್ಮೆ ಎಂದರೆ ಅವರು ತಪ್ಪು ಹೇಳಿದರು ಎಂದು ತಿಳಿಯಬೇಡಿ.

ಅಕ್ಕ ಆರು ತಿಂಗಳಿಗೆ ಹೋದರು: 14 ಮಿಲಿಮೀಟರ್, ಹಾಗೆಯೇ ಇದೆ. ಹದಿನೆಂಟು ತಿಂಗಳು ಕಳೆದು ಹೋದರು: 15 ಮಿಲಿಮೀಟರ್. ಮನೆಯವರಿಗೆ ಮತ್ತೆ ಗಾಬರಿ. "ಬೆಳೀತಾ ಉಂಟು!" ಎಂದರು. ಲೆಕ್ಕ ಹಾಕೋಣ. ಹದಿನೆಂಟು ತಿಂಗಳಲ್ಲಿ 1 ಮಿಲಿಮೀಟರ್, ಅಂದರೆ ವರ್ಷಕ್ಕೆ 1 ಮಿಲಿಮೀಟರಿಗಿಂತ ಕಡಿಮೆ. ಎಚ್ಚರದ ಗೆರೆ ವರ್ಷಕ್ಕೆ 2.5. ಇಷ್ಟೇ ಸಣ್ಣ ವ್ಯತ್ಯಾಸ ಅಳೆಯುವವರ ಕೈಯಲ್ಲೂ ಬರುತ್ತದೆ, ಒಂದೇ ಬಟ್ಟೆಯನ್ನು ಇಬ್ಬರು ಟೈಲರ್‌ಗಳು ಅಳೆದರೆ ಒಂದೆರಡು ನೂಲು ಹೆಚ್ಚುಕಡಿಮೆ ಬರುವಂತೆ. ಹಾಗಾಗಿ ಮುಂದಿನ ಪರೀಕ್ಷೆ ಮತ್ತೆ ಹದಿನೆಂಟು ತಿಂಗಳಿಗೆ.

ಎಲ್ಲಿ ಎಡವಿದರು?

ಇನ್ನು ಆರು ತಿಂಗಳೊಳಗೆ ಅಕ್ಕನಿಗೆ ಗ್ಯಾಸ್ಟ್ರಿಕ್ ಎಂದು ಬೇರೆ ಊರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅಲ್ಲಿ ಹಳೆಯ ರಿಪೋರ್ಟ್ ತೋರಿಸಲಿಲ್ಲ. ಆ ಕಾಗದದಲ್ಲಿ ಗುಳ್ಳೆ 19 ಮಿಲಿಮೀಟರ್ ಎಂದಿತ್ತು. 15 ಇದ್ದದ್ದು ಆರು ತಿಂಗಳಲ್ಲಿ 19 ಆದರೆ ವರ್ಷಕ್ಕೆ 8 ಮಿಲಿಮೀಟರ್ ಲೆಕ್ಕ, ನಿಜವಾಗಿದ್ದರೆ ಬಹಳ ಜೋರು. ಈ ಸಲ ಮಗ ಜಮೀನಿನ ಪತ್ರ ಅಡವಿಡುವ ಮಾತೆತ್ತಿದ.

ಹಳೆಯ ಡಾಕ್ಟರರ ಹತ್ತಿರ ಎಲ್ಲ ಸಿ.ಡಿ.ಗಳನ್ನೂ ಒಯ್ದರು. ಅವರು ಸ್ಕ್ಯಾನಿಂಗ್ ಡಾಕ್ಟರರ ಜೊತೆ ಕುಳಿತು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಹಿಂದಿನ ಮೂರು ಎಂ.ಆರ್.ಐ.ಗಳಲ್ಲಿ ಗುಳ್ಳೆಯನ್ನು ಅಡ್ಡಕ್ಕೆ ಅಳೆದಿದ್ದರು. ಸಿ.ಟಿ.ಯಲ್ಲಿ ಉದ್ದಕ್ಕೆ ಅಳೆದಿದ್ದರು. ಗೊಂಚಲಿನಂಥ ಗುಳ್ಳೆ ಅಡ್ಡಕ್ಕೊಂದು ಅಳತೆ, ಉದ್ದಕ್ಕೊಂದು ಅಳತೆ. ಹಳೆಯ ಚಿತ್ರವನ್ನು ಉದ್ದಕ್ಕೆ ಅಳೆದಾಗ ಅದೂ 19ರ ಹತ್ತಿರವೇ ಬಂತು. ಖಚಿತಕ್ಕೆ ಒಂದು ಎಂ.ಆರ್.ಐ. ಮಾಡಿಸಿದರು, ಹಿಂದಿನಂತೆಯೇ 15. ಗುಳ್ಳೆ ಬೆಳೆದಿರಲಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಮೂರು. ಪ್ರತಿ ಸಲವೂ ಒಂದೇ ಬಗೆಯ ಪರೀಕ್ಷೆ, ಸಾಧ್ಯವಾದರೆ ಒಂದೇ ಕಡೆ ಮಾಡಿಸಿ. ಕಾಗದದ ರಿಪೋರ್ಟ್ ಮಾತ್ರವಲ್ಲ, ಫಿಲ್ಮ್ ಮತ್ತು ಸಿ.ಡಿ. ಕೇಳಿ ಪಡೆದು, ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ. ಪರೀಕ್ಷೆಗೆ ಹೋಗುವಾಗ ಹಳೆಯದೆಲ್ಲವನ್ನೂ ಒಯ್ದು "ಹಿಂದಿನದರ ಜೊತೆ ಹೋಲಿಸಿ ಬರೆಯಿರಿ" ಎಂದು ಹೇಳಿ.

ಕಣ್ಣಿಡುವುದು ಎಷ್ಟು ಕಾಲ? 20 ಮಿಲಿಮೀಟರಿಗಿಂತ ಸಣ್ಣ ಗುಳ್ಳೆ ಐದು ವರ್ಷ ಬದಲಾಗದೆ ಇದ್ದರೆ ನಿಲ್ಲಿಸುವ ಬಗ್ಗೆ ಡಾಕ್ಟರರ ಜೊತೆ ಮಾತಾಡಬಹುದು. ಕೆಲವರು ಮುಂದುವರಿಸುತ್ತಾರೆ, ಏಕೆಂದರೆ ಐದು ವರ್ಷದ ಮೇಲೂ ಅಪಾಯ ಪೂರ್ತಿ ಸೊನ್ನೆಯಾಗುವುದಿಲ್ಲ. ಬಹಳ ವಯಸ್ಸಾಗಿ, ಹೃದಯ, ಕಿಡ್ನಿ ಕೆಟ್ಟು, ಆಪರೇಷನ್ ಮಾಡುವ ಸ್ಥಿತಿಯೇ ಇಲ್ಲದವರಿಗೆ ಈ ಪರೀಕ್ಷೆಗಳು ಬೇಡ. ಏನಾದರೂ ಕಂಡರೂ ಮಾಡಲಾಗದಿದ್ದ ಮೇಲೆ ಮಾಡಿಸಿ ಸಂಕಟಪಡುವುದು ಏಕೆ? ಮನೆಯ ಹಿರಿಯರ ವಿಷಯದಲ್ಲಿ ಇದನ್ನು ನಾಚಿಕೆಯಿಲ್ಲದೆ ಕೇಳಿ. ಐ.ಪಿ.ಎಂ.ಎನ್. ಗುಳ್ಳೆಯನ್ನು ಆಪರೇಷನ್ ಮಾಡಿ ತೆಗೆಸಿದವರು ಮಾತ್ರ ಆಮೇಲೂ ಪರೀಕ್ಷೆಗೆ ಹೋಗುತ್ತಿರಬೇಕು. ಉಳಿದ ಗ್ರಂಥಿಯಲ್ಲಿ ಮತ್ತೆ ಬರಬಹುದು.

ಒಂದು ಮಿತಿಯನ್ನೂ ಹೇಳಬೇಕು. ಕಣ್ಣಿಟ್ಟವರೆಲ್ಲರ ಕ್ಯಾನ್ಸರೂ ಮೊದಲೇ ಸಿಗುತ್ತದೆ ಎಂದಲ್ಲ. ಕೆಲವರಲ್ಲಿ ಗುಳ್ಳೆ ಇದ್ದ ಜಾಗ ಬಿಟ್ಟು ಗ್ರಂಥಿಯ ಬೇರೆ ಕಡೆ ಗಡ್ಡೆ ಹುಟ್ಟುತ್ತದೆ. ಆದ್ದರಿಂದ ಎರಡು ಪರೀಕ್ಷೆಗಳ ನಡುವೆ ಹೊಸ ತೊಂದರೆ ಕಂಡರೆ ಮುಂದಿನ ತಾರೀಕಿಗೆ ಕಾಯಬಾರದು.

"ನನಗೂ ಸ್ಕ್ಯಾನಿಂಗ್ ಬೇಕಾ?"

ಅಕ್ಕನ ಕಥೆ ಕೇಳಿದ ಮೇಲೆ ಸಂಘದ ಹತ್ತಾರು ಜನ ಕೇಳಿದ ಪ್ರಶ್ನೆ ಇದು. ಉತ್ತರ: ಹೆಚ್ಚಿನವರಿಗೆ ಬೇಡ. ಯಾವ ತೊಂದರೆಯೂ ಇಲ್ಲದ, ಮನೆತನದಲ್ಲಿ ಈ ಕಾಯಿಲೆ ಇಲ್ಲದ ಜನಸಾಮಾನ್ಯರಿಗೆ ಈ ಕ್ಯಾನ್ಸರಿನ ಹುಡುಕಾಟದ ಪರೀಕ್ಷೆ ಬೇಡ ಎಂದು ಅಮೆರಿಕದ ತಜ್ಞರ ಸಮಿತಿ 2019ರಲ್ಲಿಯೂ ಹೇಳಿತು. ಈ ಕ್ಯಾನ್ಸರ್ ಅಪರೂಪ, ಆದರೆ ನಿರಪಾಯದ ಗುಳ್ಳೆಗಳು ಸಾಮಾನ್ಯ. ಎಲ್ಲರನ್ನೂ ಸ್ಕ್ಯಾನ್ ಮಾಡಿದರೆ ಸಿಗುವುದು ಹೆಚ್ಚಾಗಿ ಗುಳ್ಳೆ, ಗಾಬರಿ ಮತ್ತು ಸಾಲ. ಸಿ.ಎ. 19-9 ಎಂಬ ರಕ್ತ ಪರೀಕ್ಷೆಯನ್ನು ಪ್ಯಾಕೇಜ್ ಎಂದು ಮಾಡಿಸಿಕೊಳ್ಳುವುದೂ ಬೇಡ. ಪಿತ್ತನಾಳದಲ್ಲಿ ಕಲ್ಲು ಕೂತು ಕಾಮಾಲೆ ಬಂದರೂ ಅದು ಏರುತ್ತದೆ. ಕೆಲವರಿಗೆ ಕ್ಯಾನ್ಸರ್ ಇದ್ದರೂ ಏರುವುದೇ ಇಲ್ಲ.

ಹಾಗಾದರೆ ಗುಳ್ಳೆ ಇಲ್ಲದಿದ್ದರೂ ಪರೀಕ್ಷೆ ಬೇಕಾದವರು ಯಾರು? ರಕ್ತಸಂಬಂಧದಲ್ಲಿ ಇಬ್ಬರು ಅಥವಾ ಹೆಚ್ಚು ಜನರಿಗೆ ಈ ಗ್ರಂಥಿಯ ಕ್ಯಾನ್ಸರ್ ಬಂದಿದ್ದು, ಅವರಲ್ಲಿ ಒಬ್ಬರಾದರೂ ತಂದೆ, ತಾಯಿ, ಒಡಹುಟ್ಟು ಅಥವಾ ಮಕ್ಕಳಾಗಿರುವವರು. ಹಾಗೆಯೇ ಮನೆತನದಲ್ಲಿ ಬರುವ ಕೆಲವು ವಂಶವಾಹಿ ದೋಷ ಇರುವವರು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗುವ ಬಿ.ಆರ್.ಸಿ.ಎ.-2 ಎಂಬ ದೋಷ ಇದ್ದು, ಹತ್ತಿರದ ರಕ್ತಸಂಬಂಧಿಗೆ ಈ ಕ್ಯಾನ್ಸರ್ ಬಂದಿದ್ದರೆ ಅವರೂ ಸೇರುತ್ತಾರೆ. ಇವರಿಗೆ ಸಾಮಾನ್ಯವಾಗಿ 50ನೆಯ ವಯಸ್ಸಿನಿಂದ, ಇಲ್ಲವೇ ಮನೆತನದಲ್ಲಿ ಅತಿ ಕಿರಿಯ ವಯಸ್ಸಿನಲ್ಲಿ ಕಾಯಿಲೆ ಬಂದವರ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ಯಾವುದು ಮುಂಚೆಯೋ ಅದರಿಂದ, ವರ್ಷಕ್ಕೊಮ್ಮೆ ಎಂ.ಆರ್.ಐ. ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡುತ್ತಾರೆ.

ಸಂಘದಲ್ಲಿ ನಾವು ಲೆಕ್ಕ ಹಾಕಿದ್ದು ಹೀಗೆ. ಅಕ್ಕನ ತಂಗಿ ಕೇಳಿದಳು: "ಅಕ್ಕನಿಗೆ ಉಂಟಲ್ಲ, ನನಗೂ ಬೇಕಲ್ವಾ?" ಬೇಡ. ಅಕ್ಕನಿಗಿರುವುದು ಗುಳ್ಳೆ, ಕ್ಯಾನ್ಸರ್ ಅಲ್ಲ. ಇನ್ನೊಬ್ಬರು ಹೇಳಿದರು: "ನಮ್ಮ ಅತ್ತೆ ಇದೇ ಕ್ಯಾನ್ಸರಿನಲ್ಲಿ ತೀರಿಕೊಂಡ್ರು." ಅತ್ತೆ ಎಂದರೆ ಗಂಡನ ತಾಯಿ. ಆ ರಕ್ತ ಅವರ ಗಂಡನದು, ಮಕ್ಕಳದು, ಸೊಸೆಯದಲ್ಲ. ಸೊಸೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸೋದರತ್ತೆಯ ಮಗನನ್ನೇ ಮದುವೆಯಾದವರಿಗೆ ಅತ್ತೆ ಎಂದರೆ ತಂದೆಯ ಒಡಹುಟ್ಟಿದವಳೂ ಹೌದು. ಆಗ ಲೆಕ್ಕಕ್ಕೆ ಬರುತ್ತಾರೆ. ನಮ್ಮ ಕಡೆ ಒಂದೇ ಹೆಸರಿನಲ್ಲಿ ಎರಡು ಸಂಬಂಧ ಕರೆಯುವುದರಿಂದ ಡಾಕ್ಟರರ ಹತ್ತಿರ "ಅತ್ತೆ" ಎಂದಷ್ಟೇ ಹೇಳದೆ "ಅಪ್ಪನ ತಂಗಿ" ಎಂದು ಬಿಡಿಸಿ ಹೇಳಿ.

ಮೂರನೆಯವರು ನಲವತ್ತೇಳು ವರ್ಷದವರು. ಅಪ್ಪನಿಗೆ 62ರಲ್ಲಿ, ಅಪ್ಪನ ತಂಗಿಗೆ 56ರಲ್ಲಿ ಈ ಕ್ಯಾನ್ಸರ್ ಬಂದಿತ್ತು. ಇಬ್ಬರು ರಕ್ತಸಂಬಂಧಿಗಳು, ಒಬ್ಬರು ಸ್ವಂತ ತಂದೆ. ಅತಿ ಕಿರಿಯ ವಯಸ್ಸು 56, ಹತ್ತು ಕಳೆದರೆ 46. ಅಂದರೆ ಅವರು 50ರವರೆಗೆ ಕಾಯುವಂತಿಲ್ಲ, ಈಗಲೇ ದೊಡ್ಡ ಆಸ್ಪತ್ರೆಯ ಜಠರ-ಕರುಳು ತಜ್ಞರನ್ನು ಕಾಣಬೇಕು. ಯಾವ ತೊಂದರೆಯೂ ಇಲ್ಲದೆ ನಗುತ್ತಾ ಕುಳಿತಿದ್ದ ಅವರಿಗೇ ಆ ಸಭೆಯಲ್ಲಿ ಪರೀಕ್ಷೆಯ ಅಗತ್ಯ ಇದ್ದದ್ದು.

ಅಪಾಯ ಹೆಚ್ಚಿಸುವ ಸಂಗತಿಗಳು

ವಯಸ್ಸನ್ನು, ಮನೆತನವನ್ನು ಬದಲಿಸಲಾಗದು. ಬದಲಿಸಬಹುದಾದವುಗಳಲ್ಲಿ ಮೊದಲನೆಯದು ತಂಬಾಕು. ಬೀಡಿ ಸಿಗರೇಟು ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಸುಮಾರು ಎರಡು ಪಟ್ಟು. "ನಾವು ಹೆಂಗಸರು ಸೇದುವುದಿಲ್ಲವಲ್ಲ" ಎನ್ನಬೇಡಿ. ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪೂ ಬಾಯಿಯ ಕ್ಯಾನ್ಸರ್ ಮಾತ್ರವಲ್ಲ, ಈ ಗ್ರಂಥಿಯ ಕ್ಯಾನ್ಸರನ್ನೂ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಗುಳ್ಳೆ ಇರುವವರು ಇದನ್ನು ಬಿಡಲೇಬೇಕು. ವಿಪರೀತ ಕುಡಿತ ಮತ್ತು ಅತಿ ದಪ್ಪವೂ ಅಪಾಯ ಹೆಚ್ಚಿಸುತ್ತವೆ.

ಎರಡನೆಯದು ಗ್ರಂಥಿಯ ಹಳೆಯ ಉರಿಯೂತ. ಕೇರಳ ಮತ್ತು ದಕ್ಷಿಣ ಭಾರತದ ಇತರ ಕಡೆಗಳಲ್ಲಿ ಕುಡಿತವೇ ಇಲ್ಲದ ಎಳೆಯರಿಗೂ ಒಂದು ಬಗೆಯ ಉರಿಯೂತ ಬರುವುದನ್ನು ಡಾಕ್ಟರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಮತ್ತೆ ಮತ್ತೆ ಹೊಟ್ಟೆನೋವು, ಗ್ರಂಥಿಯ ನಾಳದಲ್ಲಿ ಕಲ್ಲು, ಹರೆಯದಲ್ಲೇ ಸಕ್ಕರೆ ಕಾಯಿಲೆ, ಇವು ಅದರ ಲಕ್ಷಣ. ಇಂಥವರಿಗೆ ಮುಂದೆ ಕ್ಯಾನ್ಸರಿನ ಅಪಾಯ ಇತರರಿಗಿಂತ ಬಹಳ ಹೆಚ್ಚು. ಅವರು ಡಾಕ್ಟರರ ಸಂಪರ್ಕ ಬಿಡಬಾರದು. ನೋವಿನ ರೀತಿ ಬದಲಾದರೆ, ತೂಕ ಇಳಿದರೆ "ಅದು ಹಳೇ ನೋವು" ಎಂದು ಸುಮ್ಮನಿರಬಾರದು.

ಮೂರನೆಯದು ಸಕ್ಕರೆ ಕಾಯಿಲೆ. ಇದು ಸೂಕ್ಷ್ಮ ವಿಷಯ. ನಮ್ಮಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಇದೆ, ಅವರಿಗೆಲ್ಲ ಸ್ಕ್ಯಾನಿಂಗ್ ಬೇಡ. ಆದರೆ ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದವರಲ್ಲಿ, ಮೂರು ವರ್ಷದೊಳಗೆ ನೂರಕ್ಕೆ ಸುಮಾರು ಒಬ್ಬರಿಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಲ್ಲಿ ಸಕ್ಕರೆಯೇ ಕ್ಯಾನ್ಸರಿನ ಮೊದಲ ಗುರುತಾಗಿರುತ್ತದೆ. ಆ ಒಬ್ಬರನ್ನು ಗುರುತಿಸುವುದು ಹೇಗೆ? ಸಕ್ಕರೆ ಕಾಯಿಲೆ ಬರುವವರು ಸಾಮಾನ್ಯವಾಗಿ ಮೊದಲು ದಪ್ಪವಾಗಿರುತ್ತಾರೆ. ಪಥ್ಯ ಮಾಡದೆಯೇ ರವಿಕೆ ಸಡಿಲವಾಗಿ, ಹಸಿವು ಕಡಿಮೆಯಾಗಿ, ಜೊತೆಗೇ ಹೊಸ ಸಕ್ಕರೆ ಬಂದರೆ ಮಾತ್ರೆ ತೆಗೆದುಕೊಂಡು ಮನೆಗೆ ಬರಬೇಡಿ. "ತೂಕ ಯಾಕೆ ಇಳೀತಿದೆ?" ಎಂದು ಕೇಳಿ.

ಕಾಯದೆ ಹೋಗಬೇಕಾದ ಲಕ್ಷಣಗಳು

ಗುಳ್ಳೆ ಇರಲಿ ಇಲ್ಲದಿರಲಿ, ಇವು ಕಂಡರೆ ಕೂಡಲೇ ಡಾಕ್ಟರರ ಹತ್ತಿರ ಹೋಗಿ:

- ಕಣ್ಣು, ಮೈ ಹಳದಿಯಾಗಿ, ಮೂತ್ರ ಚಹಾದ ಬಣ್ಣವಾಗಿ, ಮಲ ಬೂದಿ ಬಣ್ಣವಾಗಿ, ಮೈ ತುರಿಕೆ ಬಂದಾಗ. ನೋವಿಲ್ಲದ ಕಾಮಾಲೆಗೆ ನಾಟಿ ಮದ್ದು ಮಾಡುತ್ತಾ ವಾರಗಟ್ಟಲೆ ಕಳೆಯುವುದೇ ನಮ್ಮಲ್ಲಿ ಆಗುವ ದೊಡ್ಡ ತಪ್ಪು. ಆ ವಾರಗಳಲ್ಲಿ ಆಪರೇಷನ್ನಿನ ಅವಕಾಶ ಕೈತಪ್ಪಬಹುದು.
- ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹಾದು, ಮಲಗಿದರೆ ಹೆಚ್ಚಾಗಿ, ಮುಂದಕ್ಕೆ ಬಾಗಿದರೆ ಕಡಿಮೆಯಾಗುವಾಗ.
- ಕಾರಣವಿಲ್ಲದೆ ತೂಕ ಇಳಿಯುವಾಗ. ಮಲ ಎಣ್ಣೆಯಂತೆ ತೇಲಿ, ನೀರು ಹಾಕಿದರೂ ಹೋಗದಿರುವಾಗ.

ಡಾಕ್ಟರರನ್ನು ಕೇಳಬೇಕಾದ ಐದು ಪ್ರಶ್ನೆ

ಗುಳ್ಳೆ ಇದೆ ಎಂದು ರಿಪೋರ್ಟ್ ಬಂದವರು ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂಟಿಯಾಗಿ ಹೋಗಬೇಡಿ, ಸಂಘದ ಒಬ್ಬರನ್ನು ಕರೆದುಕೊಂಡು ಹೋಗಿ.

1. ಇದು ಯಾವ ಜಾತಿಯ ಗುಳ್ಳೆ? ಖಚಿತವೋ, ಅಂದಾಜೋ?
2. ಅಳತೆ ಎಷ್ಟು? ದೊಡ್ಡ ನಾಳದ ಅಗಲ ಎಷ್ಟು?
3. ಒಳಗೆ ಗಟ್ಟಿ ಗಂಟು ಇದೆಯೇ?
4. ಮುಂದಿನ ಪರೀಕ್ಷೆ ಯಾವಾಗ? ಯಾವ ಪರೀಕ್ಷೆ?
5. ಆಪರೇಷನ್ ಎಂದರೆ, ಯಾವ ಗುರುತಿಗಾಗಿ? ಕಾದರೆ ಏನಾಗಬಹುದು?

ಐದನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗದಿದ್ದರೆ, ಕಾಮಾಲೆಯಂಥ ತುರ್ತು ಇಲ್ಲದಿದ್ದರೆ, ಈ ಆಪರೇಷನ್ ಹೆಚ್ಚಾಗಿ ಮಾಡುವ ಇನ್ನೊಂದು ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಅಕ್ಕ ಈಗಲೂ ಸಭೆಗೆ ಬರುತ್ತಾರೆ. ಎಂ.ಆರ್.ಐ.ಗೆ ತೆಗೆದ ಸಾಲ ತೀರಿದೆ. ಮುಂದಿನ ಪರೀಕ್ಷೆಯ ತಿಂಗಳನ್ನು ಸಂಘದ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇವೆ. ಎಲೆ ಅಡಿಕೆಯ ಸಂಚಿಯಿಂದ ಹೊಗೆಸೊಪ್ಪು ತೆಗೆದುಹಾಕಿದ್ದಾರೆ. "ಅದು ಅಲ್ಲೇ ಉಂಟು, ನಾನೂ ಇಲ್ಲೇ ಇದ್ದೇನೆ" ಎನ್ನುತ್ತಾರೆ.

ಸಭೆಯಲ್ಲಿ ಚರ್ಚಿಸಿ

1. ನಿಮ್ಮ ತಂದೆ, ತಾಯಿ, ಒಡಹುಟ್ಟಿದವರು, ಅವರ ಒಡಹುಟ್ಟಿದವರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕ್ಯಾನ್ಸರ್ ಬಂದಿತ್ತು? ಮನೆಗೆ ಹೋಗಿ ಹಿರಿಯರನ್ನು ಕೇಳಿ ಬರೆದು ತನ್ನಿ.
2. ಒಬ್ಬರ ಗುಳ್ಳೆ ಮೊದಲ ಸಲ 16 ಮಿಲಿಮೀಟರ್, ಎರಡು ವರ್ಷ ಕಳೆದು 22 ಮಿಲಿಮೀಟರ್. ವರ್ಷಕ್ಕೆ ಎಷ್ಟು ಬೆಳೆಯಿತು? ಎಚ್ಚರದ ಗೆರೆ ದಾಟಿತೇ? ಡಾಕ್ಟರರ ಹತ್ತಿರ ಮೊದಲು ಏನು ಕೇಳಬೇಕು? (ಉತ್ತರ: ವರ್ಷಕ್ಕೆ 3 ಮಿಲಿಮೀಟರ್, ಗೆರೆ ದಾಟಿದೆ. ಎರಡೂ ಸಲ ಒಂದೇ ಪರೀಕ್ಷೆಯಲ್ಲಿ ಒಂದೇ ರೀತಿ ಅಳೆದದ್ದೇ ಎಂದು ಮೊದಲು ಕೇಳಬೇಕು. ಹೌದಾದರೆ ಮುಂದಿನ ಪರೀಕ್ಷೆ ಬೇಕು.)
3. ನಮ್ಮ ಸಂಘದ ತುರ್ತು ಸಾಲದ ಅರ್ಜಿಯ ಜೊತೆ ರಿಪೋರ್ಟ್ ಮತ್ತು ಡಾಕ್ಟರರ ಚೀಟಿ ಕೇಳುವ ಕ್ರಮ ಇಟ್ಟುಕೊಳ್ಳಬಹುದೇ? ಅದರಿಂದ ಸದಸ್ಯೆಗೆ ಅನುಕೂಲವೋ, ತೊಂದರೆಯೋ?